ಮಾರಿಹಬ್ಬದಲ್ಲಿ ಹೆಣ್ಣುಮಕ್ಕಳು: ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳ ಕ್ಷೇತ್ರಕಾರ್ಯ ಅಧ್ಯಯನ

(ಪಿಎಚ್.ಡಿ. ಸಂಶೋಧನಾ ಪ್ರಸ್ತಾವ, ಜಾನಪದ ಅಧ್ಯಯನ ವಿಭಾಗ)

ಪೀಠಿಕೆ

ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಬೇಸಿಗೆ ಎಂದರೆ ಮಾರಿಹಬ್ಬದ ಕಾಲ. ಯಜಮಾನರು ದಿನ ಗೊತ್ತುಮಾಡುತ್ತಾರೆ, ಮನೆಗಿಷ್ಟು ಎಂದು ವಂತಿಗೆ ಎತ್ತುತ್ತಾರೆ, ತಮಟೆ ಬಡಿಸಿ ಹಬ್ಬದ ಸುದ್ದಿಯನ್ನು ಊರಿಗೆಲ್ಲ ಸಾರಿಸುತ್ತಾರೆ, ಅದಕ್ಕೆ ಸಾರು ಹಾಕುವುದು ಎನ್ನುತ್ತಾರೆ. ಅಲ್ಲಿಂದ ಹಬ್ಬ ಚಾವಡಿಯಿಂದ ಅಡುಗೆಮನೆಗೆ ಬರುತ್ತದೆ. ಕಳೆದ ವರ್ಷ ಪ್ರಾಥಮಿಕ ಭೇಟಿಗೆ ಹೋಗಿದ್ದ ಮದ್ದೂರು ತಾಲ್ಲೂಕಿನ ಹಳ್ಳಿಯಲ್ಲಿ ಹೆಂಗಸರು ಹಿಟ್ಟಿನ ಗಿರಣಿಯನ್ನು ಒರೆಸಿ, ಅರಿಶಿನ ಕುಂಕುಮ ಇಟ್ಟು, ಮೀಸಲು ಅಕ್ಕಿ ಬೀಸಿ ಮುಗಿಯುವವರೆಗೂ ಯಾರ ರಾಗಿಯನ್ನೂ ಒಳಗೆ ಬಿಡಲಿಲ್ಲ. ಆ ಹಿಟ್ಟಿಗೆ ಬೆಲ್ಲ ಬೆರೆಸಿ ತಂಬಿಟ್ಟು ಕಟ್ಟಿ, ಹೊಂಬಾಳೆ ಸಿಗಿಸಿ, ದೀಪ ಹಚ್ಚಿ ತಲೆಯ ಮೇಲೆ ಹೊತ್ತು ಗುಡಿಗೆ ನಡೆದರು. ಹಬ್ಬದ ಕರಪತ್ರದಲ್ಲಿ ಇಷ್ಟಕ್ಕೆಲ್ಲ ಒಂದೇ ಸಾಲು: ‘ರಾತ್ರಿ ಮಹಿಳೆಯರಿಂದ ತಂಬಿಟ್ಟಿನ ಆರತಿ.’ ಅದರ ಕೆಳಗೆ ಎರಡು ಅಂಕಣಗಳ ತುಂಬ ಗಂಡಸರ ಹೆಸರುಗಳಿದ್ದವು.

ಸಂಶೋಧನೆಯ ಪ್ರಶ್ನೆ

ಆರತಿ ಹೊರುವವರಿಗೆ ಹಬ್ಬದಲ್ಲಿ ಅಧಿಕಾರವಿದೆಯೇ, ಬರೀ ಕೆಲಸವಿದೆಯೇ? ‘ಭಾಗವಹಿಸುವಿಕೆ’ ಎಂಬ ಮಾತು ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಿಬಿಡುತ್ತದೆ ಎಂಬುದು ನನ್ನ ಅನುಮಾನ. ಮೊದಲ ಆರತಿ ಯಾವ ಮನೆಯದು, ಯಾವ ಕೇರಿಯ ಆರತಿ ಎಲ್ಲಿ ನಿಲ್ಲಬೇಕು, ಅತ್ತೆ ಯಾವ ವರ್ಷ ಸೊಸೆಗೆ ಆರತಿ ಬಿಟ್ಟುಕೊಡುತ್ತಾಳೆ, ತವರಿಗೆ ಬಂದ ಮಗಳು ಹೊರಬಹುದೇ, ಗಂಡ ಸತ್ತವಳು ತಂಬಿಟ್ಟು ಮುಟ್ಟಬಹುದೇ ಎಂಬುದನ್ನು ಮನೆಮನೆಯಲ್ಲಿ ಕೇಳಬೇಕು. ಇವುಗಳಿಗೆ ಬರಹದ ನಿಯಮವಿಲ್ಲ. ಜಗಳ ಬಂದಾಗ ಮಾತ್ರ ನಿಯಮ ಬಾಯಿಗೆ ಬರುತ್ತದೆ. ಆದ್ದರಿಂದ ಹಿಂದಿನ ಹಬ್ಬಗಳ ಜಗಳಗಳೇ ನನ್ನ ಮುಖ್ಯ ಆಕರ.

ವಿಧಾನ

ಮದ್ದೂರು ಮತ್ತು ನಾಗಮಂಗಲ ತಾಲ್ಲೂಕಿನ ಒಂದೊಂದು ಹಳ್ಳಿಯಲ್ಲಿ ಎರಡು ಹಬ್ಬಗಳ ಕಾಲ, ಅಂದರೆ ಒಟ್ಟು 18 ತಿಂಗಳ ಅಧ್ಯಯನ. ಸಾರು ಹಾಕುವ ಮೊದಲೇ ಹೋಗಿ, ಹಬ್ಬ ಕಳೆದು ನೆಂಟರು ಹೊರಟ ಮೇಲೂ ಉಳಿಯುತ್ತೇನೆ. ಎಲ್ಲ ಕೇರಿಗಳಿಂದ 40 ಮಹಿಳೆಯರ ಸಂದರ್ಶನ ನಡೆಸುತ್ತೇನೆ. ಪೂಜಾರಿ, ಯಜಮಾನರು ಮತ್ತು ತಮಟೆಯವರನ್ನೂ ಮಾತನಾಡಿಸುತ್ತೇನೆ. ಪ್ರಶ್ನಾವಳಿ ಹಿಡಿದು ಕೂತರೆ ‘ಎಲ್ಲಾ ಸಂಪ್ರದಾಯ ಕಣಮ್ಮ’ ಎಂಬ ಉತ್ತರದಾಚೆ ಏನೂ ಸಿಗುವುದಿಲ್ಲ. ಅಕ್ಕಿ ಕೇರುತ್ತಾ ಆಡಿದ ಮಾತೇ ಹೆಚ್ಚು ಕೆಲಸಕ್ಕೆ ಬಂದಿದೆ.

ನಾನೂ ಇದೇ ಸೀಮೆಯ ಮಗಳು. ಭಾಷೆ ತೊಡಕಲ್ಲ, ಆದರೆ ನನ್ನ ಜಾತಿ ಗೊತ್ತಾದ ಕೂಡಲೇ ಕೆಲವು ಬಾಗಿಲು ತೆರೆದುಕೊಳ್ಳುತ್ತವೆ, ಕೆಲವು ಮುಚ್ಚಿಕೊಳ್ಳುತ್ತವೆ. ಇದನ್ನು ದಿನಚರಿಯಲ್ಲಿ ದಾಖಲಿಸಿ ಪ್ರಬಂಧದಲ್ಲೂ ಚರ್ಚಿಸುತ್ತೇನೆ.

ನೈತಿಕ ಎಚ್ಚರ

ಹಳ್ಳಿಗಳ ಹಾಗೂ ವ್ಯಕ್ತಿಗಳ ಹೆಸರು ಬದಲಿಸಲಾಗುವುದು. ಮುಟ್ಟಿನ ವಿಷಯವನ್ನು ಅವರಾಗಿಯೇ ಎತ್ತಿದರೆ ಮಾತ್ರ ಮುಂದುವರಿಸುತ್ತೇನೆ. ಒಪ್ಪಿಗೆಯಿಲ್ಲದೆ ಧ್ವನಿಮುದ್ರಣವಿಲ್ಲ, ಮನೆಯ ಗಂಡಸಿನ ಒಪ್ಪಿಗೆಯನ್ನು ಹೆಂಗಸಿನ ಒಪ್ಪಿಗೆ ಎಂದು ಎಣಿಸುವುದಿಲ್ಲ.

ವೆಚ್ಚ

ಪ್ರಯಾಣಕ್ಕೆ 36,000, ವಸತಿಗೆ 45,000, ಧ್ವನಿಮುದ್ರಣ ಸಾಧನಕ್ಕೆ 14,000, ಲಿಪ್ಯಂತರಕ್ಕೆ 25,000: ಒಟ್ಟು 1,20,000 ರೂಪಾಯಿ. ಹಬ್ಬದ ವಂತಿಗೆಯನ್ನು ಕೇಳಿದರೆ ಸ್ವಂತ ಕೈಯಿಂದ ಕೊಡುತ್ತೇನೆ. ಅದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.