ಪುಟ್ಟ ಫ್ಲಾಟ್ ನೋಡೋಣ ಬನ್ನಿ: ಕೊಳ್ಳುವವರ ಕಣ್ಣು ತಪ್ಪುವ ಮೂರು ಸಂಗತಿ

(ಮುಂಬಾಗಿಲ ಹೊರಗೆ ನಿಂತು. ಬಾಗಿಲು ತೆರೆದಿರಲಿ.)

ನಮಸ್ಕಾರ. ಈ ಒಂದು ಬೆಡ್‌ರೂಮಿನ ಫ್ಲಾಟನ್ನು ಮಾರಿಸಿಕೊಡುತ್ತಿರುವ ಏಜೆಂಟ್ ನಾನು. ಐದು ಮಹಡಿಯ ಕಟ್ಟಡ, ಮನೆ ಇರುವುದು ಮೂರನೇ ಮಹಡಿಯಲ್ಲಿ. ಲಿಫ್ಟ್ ಇದೆ. ಮನೆ ಈಗ ಪೂರ್ತಿ ಖಾಲಿ. ಹೀಗೆ ಖಾಲಿ ಇರುವಾಗ ನೋಡಿದರೇ ಒಳ್ಳೆಯದು, ಗೋಡೆ ನೆಲ ಯಾವುದೂ ಸಾಮಾನಿನ ಹಿಂದೆ ಅಡಗಿರುವುದಿಲ್ಲ.

ಮನೆ ನೋಡಲು ಬಂದವರು ಸಾಮಾನ್ಯವಾಗಿ ಬಣ್ಣ ನೋಡುತ್ತಾರೆ, ಟೈಲ್ಸ್ ನೋಡುತ್ತಾರೆ, ಬಾಲ್ಕನಿಯಲ್ಲಿ ನಿಂತು ಹೊರಗೆ ನೋಡುತ್ತಾರೆ. ಬಣ್ಣ ನಾಳೆ ಬೇಕಾದರೂ ಬದಲಾಯಿಸಬಹುದು. ಕೊಂಡ ಮೇಲೆ ಬದಲಾಯಿಸುವುದು ಕಷ್ಟ ಅನ್ನುವಂಥ ಮೂರು ಸಂಗತಿಗಳನ್ನು ನಾನು ಇವತ್ತು ತೋರಿಸುತ್ತೇನೆ. ಒಳಗೆ ಬನ್ನಿ.

(ಹಾಲ್. ಕ್ಯಾಮೆರಾ ನಿಧಾನವಾಗಿ ಒಂದು ಸುತ್ತು.)

ಇದು ಹಾಲ್. 11 ಅಡಿ ಅಗಲ, 15 ಅಡಿ ಉದ್ದ. ಆ ಕಡೆ ಬಾಲ್ಕನಿ, ಈ ಕಡೆ ಅಡುಗೆಮನೆ. ಬೆಳಗಿನ ಬೆಳಕು ಚೆನ್ನಾಗಿ ಬರುತ್ತದೆ. ಮಧ್ಯಾಹ್ನದ ಮೇಲೆ ಲೈಟ್ ಹಾಕಬೇಕಾಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ.

ಕಾಗದದಲ್ಲಿ ಈ ಫ್ಲಾಟ್ 500 ಚದರ ಅಡಿ. ಆದರೆ ಗೋಡೆಯಿಂದ ಗೋಡೆಗೆ ಟೇಪ್ ಹಿಡಿದರೆ, ಹಾಲ್, ರೂಮು, ಅಡುಗೆಮನೆ, ಬಾತ್‌ರೂಮ್ ಎಲ್ಲಾ ಸೇರಿ ಒಳಗೆ ಸಿಗುವುದು ಸುಮಾರು 360. ಉಳಿದದ್ದು ಗೋಡೆಗಳ ದಪ್ಪ, ಬಾಲ್ಕನಿ, ಮೆಟ್ಟಿಲು ಮತ್ತು ಲಿಫ್ಟಿನ ಜಾಗದಲ್ಲಿ ಈ ಮನೆಯ ಪಾಲು. ಇದರಲ್ಲಿ ಮೋಸ ಏನೂ ಇಲ್ಲ. ಆದರೆ ಎರಡು ಫ್ಲಾಟುಗಳನ್ನು ಹೋಲಿಸುವಾಗ ಒಂದರ 500ನ್ನೂ ಇನ್ನೊಂದರ 360ನ್ನೂ ಅಕ್ಕಪಕ್ಕ ಇಟ್ಟರೆ ಲೆಕ್ಕ ತಪ್ಪುತ್ತದೆ. ಯಾರೇ ತೋರಿಸಲಿ, ಒಳಗಿನ ಅಳತೆ ಎಷ್ಟು ಅಂತ ಕೇಳಿ.

(ಬೆಡ್‌ರೂಮಿನ ಬಾಗಿಲ ಬಳಿ. ಕೈಯಲ್ಲಿ ಟೇಪ್.)

ಮೊದಲನೇ ಸಂಗತಿ ಇಲ್ಲಿದೆ. ಬಾಗಿಲು ಯಾವ ಕಡೆ ತೆರೆಯುತ್ತದೆ, ಅದು ಎಷ್ಟು ಗೋಡೆಯನ್ನು ತಿನ್ನುತ್ತದೆ?

ರೂಮು 10 ಅಡಿಗೆ 10 ಅಡಿ. ಕೇಳಲು ಸಾಕಷ್ಟು ದೊಡ್ಡದು ಅನ್ನಿಸುತ್ತದೆ ಅಲ್ವಾ? ಸಾಮಾನು ಇಟ್ಟು ನೋಡೋಣ. ಐದು ಅಡಿ ಅಗಲ, ಆರೂವರೆ ಅಡಿ ಉದ್ದದ ಮಂಚ. ತಲೆ ಬಲಗಡೆ ಗೋಡೆಗೆ ಅಂತ ಇಟ್ಟುಕೊಳ್ಳಿ. ಮಂಚದ ಕಾಲಿನಿಂದ ಎದುರು ಗೋಡೆಗೆ ಮೂರೂವರೆ ಅಡಿ ಉಳಿಯಿತು. ಆ ಗೋಡೆಗೆ ವಾರ್ಡ್‌ರೋಬ್ ಇಟ್ಟರೆ ಅದರ ಆಳ ಎರಡು ಅಡಿ. ಮಧ್ಯೆ ಓಡಾಡಲು ಉಳಿದದ್ದು ಒಂದೂವರೆ ಅಡಿ.

(ನೆಲದ ಮೇಲೆ ಟೇಪ್ ಇಟ್ಟು ತೋರಿಸಿ. ಈ ಶಾಟ್ ಅವಸರ ಬೇಡ.)

ಈ ಒಂದೂವರೆ ಅಡಿಯಲ್ಲಿ ಒಬ್ಬರು ಅಡ್ಡ ತಿರುಗಿ ಹೋಗಬಹುದು ಅಷ್ಟೇ. ವಾರ್ಡ್‌ರೋಬಿನ ಬಾಗಿಲು ಹೊರಕ್ಕೆ ತೆರೆಯುವಂಥದ್ದಾದರೆ ಮಂಚಕ್ಕೆ ತಾಗುತ್ತದೆ. ಇಲ್ಲಿ ಜಾರುವ ಬಾಗಿಲೇ ಬೇಕು. ಇನ್ನೊಂದು ನೋಡಿ, ಈ ರೂಮಿನ ಬಾಗಿಲು. ಎರಡೂಮುಕ್ಕಾಲು ಅಡಿ ಅಗಲ, ಪೂರ್ತಿ ತೆರೆದರೆ ಅದೇ ಎಡಗೋಡೆಗೆ ಬಂದು ಒರಗುತ್ತದೆ. ಅಂದರೆ 10 ಅಡಿ ಗೋಡೆಯಲ್ಲಿ ವಾರ್ಡ್‌ರೋಬಿಗೆ ಸಿಗುವುದು ಏಳು ಅಡಿ ಚಿಲ್ಲರೆ. ಬಾಗಿಲನ್ನು ಹೊರಕ್ಕೆ ತೆರೆಯುವ ಹಾಗೆ ಮಾಡಿಸೋಣ ಅಂದರೆ ಎದುರಿಗೇ ಬಾತ್‌ರೂಮಿನ ಬಾಗಿಲಿದೆ, ಎರಡೂ ಒಂದಕ್ಕೊಂದು ಹೊಡೆಯುತ್ತವೆ.

ಏಳು ಅಡಿ ಇಬ್ಬರಿಗೆ ಸಾಲುತ್ತದೆ. ಆದರೆ ನಿಮ್ಮ ಹತ್ತಿರ ಈಗಾಗಲೇ ಎಂಟು ಅಡಿಯದ್ದು ಇದ್ದರೆ ಅದು ಈ ರೂಮಿಗೆ ಬರುವುದಿಲ್ಲ. ಮುಂಗಡ ಕೊಡುವ ಮೊದಲೇ ಇದು ಗೊತ್ತಿರಬೇಕು. ಮನೆಯಲ್ಲಿರುವ ದೊಡ್ಡ ಸಾಮಾನುಗಳ ಅಳತೆ ಬರೆದುಕೊಂಡು ಬನ್ನಿ. ಲಿಫ್ಟಿನ ಬಾಗಿಲನ್ನೂ ಅಳೆಯಿರಿ, ಮಂಚ ಮೇಲೆ ಬರಬೇಕಲ್ಲ.

(ಎಡಗೋಡೆಯ ಬುಡಕ್ಕೆ ಕ್ಯಾಮೆರಾ. ಪಕ್ಕದಿಂದ ಟಾರ್ಚ್ ಹಿಡಿಯಿರಿ, ನೇರವಾಗಿ ಬೇಡ.)

ಈಗ ಇದೇ ಗೋಡೆಯ ಹತ್ತಿರ ಬನ್ನಿ. ಎರಡನೇ ಸಂಗತಿ ನೀರು. ಮೂರರಲ್ಲಿ ಇದೇ ದೊಡ್ಡದು ಅಂತ ನನ್ನ ಅನುಭವ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಈ ಗೋಡೆಯ ಆ ಕಡೆ ಬಾತ್‌ರೂಮ್ ಇದೆ. ಟಾರ್ಚನ್ನು ಗೋಡೆಗೆ ಒತ್ತಿದ ಹಾಗೆ ಪಕ್ಕದಿಂದ ಹಿಡಿದರೆ ಬಣ್ಣ ಎಲ್ಲಿ ಉಬ್ಬಿದೆ ಅಂತ ನೆರಳಿನಲ್ಲೇ ಗೊತ್ತಾಗುತ್ತದೆ. ಇಲ್ಲಿ ನೋಡಿ, ನೆಲದಿಂದ ಒಂದು ಗೇಣು ಮೇಲೆ. ಬಣ್ಣ ಉಬ್ಬಿದೆ, ಬೆರಳಿಟ್ಟರೆ ಬಿಳಿ ಪುಡಿ ಬರುತ್ತದೆ. ಇದು ಬರೀ ಧೂಳಲ್ಲ. ಗೋಡೆಯೊಳಗೆ ಹರಿದ ನೀರು ಇಟ್ಟಿಗೆ ಸಿಮೆಂಟಿನಲ್ಲಿರುವ ಉಪ್ಪನ್ನು ಕರಗಿಸಿಕೊಂಡು ಹೊರಗೆ ಬರುತ್ತದೆ. ನೀರು ಒಣಗುತ್ತದೆ, ಉಪ್ಪು ಉಳಿಯುತ್ತದೆ.

ಮನೆಯ ಮಾಲೀಕರು ಬಾತ್‌ರೂಮಿನ ಟೈಲ್ಸ್ ಸಂದುಗಳನ್ನು ಮತ್ತೆ ತುಂಬಿಸಿದ್ದಾರೆ. ಗೋಡೆ ಈಗ ಮುಟ್ಟಲು ಒಣಗಿದೆ. ಬಣ್ಣ ಹೊಡೆಸಿಬಿಡೋಣವಾ ಅಂತ ಅವರು ಕೇಳಿದರು, ನಾನೇ ಬೇಡ ಅಂದೆ. ಕೊಳ್ಳುವವರು ಇದನ್ನು ನೋಡಲೇಬೇಕು. ನೀವು ನಿಮ್ಮ ಕಡೆಯ ಪ್ಲಂಬರನ್ನು ಕರೆತನ್ನಿ. ತೇವ ಅಳೆಯುವ ಮೀಟರ್ ತಂದರೆ ಇನ್ನೂ ಒಳ್ಳೆಯದು. ಒಂದು ಗೋಡೆ ಮಾತ್ರ ಹೊಸ ಬಣ್ಣದಲ್ಲಿ ಹೊಳೆಯುತ್ತಿರುವ ಮನೆ ಎಲ್ಲಾದರೂ ಕಂಡರೆ, ಆ ಗೋಡೆಯ ಹಿಂದೆ ಏನಿದೆ ಅಂತ ತಪ್ಪದೆ ಕೇಳಿ.

ಇನ್ನೊಂದು ಮಾತು. ನಾವು ಈಗಷ್ಟೇ ವಾರ್ಡ್‌ರೋಬ್ ಇಡೋಣ ಅಂದದ್ದು ಇದೇ ಗೋಡೆಗೆ. ಇಲ್ಲಿ ಮತ್ತೆ ತೇವ ಬಂದರೆ ಅದು ಬಟ್ಟೆಗಳ ಹಿಂದೆ ಬರುತ್ತದೆ, ವಾಸನೆ ಬರುವ ತನಕ ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಹಿಂದೆ ಎರಡು ಇಂಚಾದರೂ ಜಾಗ ಬಿಟ್ಟು ಇಡಿ. ಆಗ ಓಡಾಡುವ ಜಾಗ ಇನ್ನೂ ಎರಡು ಇಂಚು ಕಮ್ಮಿಯಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

(ಬಾತ್‌ರೂಮ್. ನೀರು ತುಂಬಿದ ಬಕೆಟ್, ಮಗ್ ಸಿದ್ಧವಿರಲಿ.)

ಬಾತ್‌ರೂಮಿನಲ್ಲಿ ಸುಮ್ನೆ ನಿಂತು ನೋಡಿದರೆ ಏನೂ ಗೊತ್ತಾಗಲ್ಲ. ನೀರು ಸುರಿಯಬೇಕು. ಬಾಗಿಲ ಹತ್ತಿರದ ಮೂಲೆಯಲ್ಲಿ ಒಂದು ಮಗ್ ನೀರು ಸುರಿಯುತ್ತೇನೆ. ನೋಡುತ್ತಾ ಇರಿ.

(ಸುರಿಯಿರಿ. ನೀರು ಜಾಲರಿ ತಲುಪುವ ತನಕ ಕಟ್ ಮಾಡಬೇಡಿ.)

ನೀರು ಜಾಲರಿಯ ಕಡೆ ತಾನೇ ಹೋಗುತ್ತಿದೆ. ಒಂದು ಮೀಟರಿಗೆ ಸುಮಾರು ಒಂದು ಸೆಂಟಿಮೀಟರ್ ಇಳಿಜಾರು ಇದ್ದರೆ ಹೀಗೆ ಹರಿಯುತ್ತದೆ. ಕಮೋಡಿನ ಹಿಂದೆ ಮಾತ್ರ ಸ್ವಲ್ಪ ನಿಂತಿದೆ, ಕಾಣಿಸುತ್ತಾ? ಅಂಗೈಯಗಲ. ಅಲ್ಲಿ ಆಗಾಗ ವೈಪರ್ ಎಳೆಯಬೇಕು. ನೀರು ಬಾಗಿಲ ಕಡೆಗೆ ಬಂದಿದ್ದರೆ ನಾನೇ ನಿಮಗೆ ಯೋಚನೆ ಮಾಡಿ ಅನ್ನುತ್ತಿದ್ದೆ. ನೆಲದ ಇಳಿಜಾರು ಸರಿ ಮಾಡಬೇಕೆಂದರೆ ಟೈಲ್ಸ್ ಕಿತ್ತು ಮೊದಲಿನಿಂದ ಮಾಡಿಸಬೇಕು.

ಈಗ ಒಂದು ಕೆಟ್ಟ ವಾಸನೆ ಬರುತ್ತಿದೆ. ಕ್ಯಾಮೆರಾದಲ್ಲಿ ಗೊತ್ತಾಗಲ್ಲ, ಆದರೆ ಮನೆ ನೋಡಲು ಬಂದಾಗ ನಿಮಗೆ ಬರಬಹುದು. ಹೆದರಬೇಡಿ. ಜಾಲರಿಯ ಕೆಳಗಿನ ಬಾಗಿದ ಕೊಳವೆಯಲ್ಲಿ ಸುಮಾರು ಐದು ಸೆಂಟಿಮೀಟರ್ ನೀರು ಯಾವಾಗಲೂ ನಿಂತಿರಬೇಕು, ಚರಂಡಿಯ ಗಾಳಿಯನ್ನು ತಡೆಯುವುದು ಅದೇ. ಮನೆ ಮುಚ್ಚಿದ್ದಾಗ ಆ ನೀರು ಆರಿಹೋಗುತ್ತದೆ. ಎರಡು ಮಗ್ ನೀರು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ. ಆಗಲೂ ವಾಸನೆ ಇದ್ದರೆ ಕಾರಣ ಬೇರೆ, ಪ್ಲಂಬರ್ ನೋಡಬೇಕು.

ಮೇಲೆ ನೋಡಿ. ಈ ಚಾವಣಿಯ ಮೇಲಿರುವುದು ಮೇಲಿನ ಮನೆಯವರ ಬಾತ್‌ರೂಮ್. ಕಲೆ ಇಲ್ಲ, ಪೈಪಿನ ಸುತ್ತ ಹಸಿ ಇಲ್ಲ. ಫಾಲ್ಸ್ ಸೀಲಿಂಗ್ ಇರುವ ಬಾತ್‌ರೂಮಾದರೆ ಅದರ ಮುಚ್ಚಳ ತೆಗೆಸಿ ಒಳಗೆ ಟಾರ್ಚ್ ಹಾಕಿ. ಅಲ್ಲಿ ಸೋರಿದರೆ ತೊಂದರೆ ನಿಮ್ಮದು, ರಿಪೇರಿ ಆಗಬೇಕಾದ್ದು ಅವರ ಮನೆಯ ನೆಲದಲ್ಲಿ. ಆ ಮಾತುಕತೆ ಎಷ್ಟು ಎಳೆಯುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು.

ಇಲ್ಲಿ ಶವರ್ ಬಿಟ್ಟು, ಹಾಗೇ ಅಡುಗೆಮನೆಯ ನಲ್ಲಿಯನ್ನೂ ತಿರುಗಿಸುತ್ತೇನೆ. ಶವರ್ ಸ್ವಲ್ಪ ತಗ್ಗಿತು, ನಿಂತಿಲ್ಲ. ಇಷ್ಟಿದ್ದರೆ ನಡೆಯುತ್ತದೆ.

(ಅಡುಗೆಮನೆ ದಾಟಿ, ಮುಂಬಾಗಿಲ ಹಿಂದಿನ ಕರೆಂಟ್ ಪೆಟ್ಟಿಗೆಯ ಹತ್ತಿರ.)

ಮೂರನೆಯದು ಕರೆಂಟ್. ಈ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡುವವರು ಬಹಳ ಕಮ್ಮಿ. ಒಳಗೆ ಆರು ಎಂಸಿಬಿ ಇವೆ, ಅಂದರೆ ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್‌ಗಳು. ಬಾತ್‌ರೂಮಿನ ಹೀಟರಿಗೆ ಬೇರೆ, ಎಸಿಗೆ ಬೇರೆ, ಅಡುಗೆಮನೆಗೆ ಬೇರೆ. ಇದು ಒಳ್ಳೆಯದು. ಪಕ್ಕದಲ್ಲಿ ಸಣ್ಣ ಗುಂಡಿ ಇರುವುದು ಆರ್‌ಸಿಸಿಬಿ. ಮೇಲೆ 30 ಮಿಲಿಆಂಪಿಯರ್ ಅಂತ ಬರೆದಿದೆ. ಕರೆಂಟ್ ಸೋರಿ ಮನುಷ್ಯನ ಮೈಮೇಲೆ ಹರಿಯುವ ಪರಿಸ್ಥಿತಿ ಬಂದರೆ ಲೈನನ್ನು ತಕ್ಷಣ ಕಡಿದುಹಾಕುವುದು ಇದು. ಟೆಸ್ಟ್ ಗುಂಡಿ ಒತ್ತುತ್ತೇನೆ.

(ಒತ್ತಿ. ಟಕ್ ಎಂಬ ಸದ್ದು ಕೇಳಿಸಲಿ.)

ಬಿತ್ತು. ಬೀಳದಿದ್ದರೆ ಅದನ್ನು ಬದಲಾಯಿಸದೆ ಮನೆಗೆ ಬರಬೇಡಿ. ಗುಂಡಿ ಒತ್ತುವ ಮುಂಚೆ ಮಾಲೀಕರನ್ನು ಒಂದು ಮಾತು ಕೇಳಿ, ಯಾಕೆಂದರೆ ಮನೆಯ ಕರೆಂಟೆಲ್ಲಾ ಹೋಗುತ್ತದೆ.

ಇನ್ನು ಲೋಡ್. ಈ ಮನೆಗೆ ಮಂಜೂರಾಗಿರುವುದು 5 ಕಿಲೋವ್ಯಾಟ್. 230 ವೋಲ್ಟಿನಲ್ಲಿ ಸುಮಾರು 22 ಆಂಪಿಯರ್ ಆಗುತ್ತದೆ. ನೀರು ಕಾಯಿಸುವ ಹೀಟರ್ 2,000 ವ್ಯಾಟ್, ಬಿಸಿನೀರಿನಲ್ಲಿ ಒಗೆಯುವ ವಾಷಿಂಗ್ ಮೆಷಿನ್ ಇನ್ನೊಂದು 2,000, ಎಸಿ 1,500, ಕೆಟಲ್ 1,500. ನಾಲ್ಕೂ ಒಟ್ಟಿಗೆ ಹಾಕಿದರೆ 7,000 ವ್ಯಾಟ್, 30 ಆಂಪಿಯರ್. ಈ ಮನೆ ಅದನ್ನು ತಾಳುವುದಿಲ್ಲ. ಒಂದೊಂದಾಗಿ ಬಳಸಿದರೆ ತೊಂದರೆ ಇಲ್ಲ. ಲೋಡ್ ಹೆಚ್ಚಿಸಿಕೊಳ್ಳಬೇಕಾದರೆ ಕಟ್ಟಡದ ಮುಖ್ಯ ಲೈನಿನಲ್ಲಿ ಅಷ್ಟು ಅವಕಾಶ ಇದೆಯಾ ಅಂತ ಮೊದಲೇ ವಿಚಾರಿಸಬೇಕು.

ಸಾಕೆಟ್ ಎಲ್ಲೆಲ್ಲಿವೆ ಅಂತಲೂ ಎಣಿಸಿ. ಬೆಡ್‌ರೂಮಿನಲ್ಲಿ ಎರಡೇ ಇವೆ, ಎರಡೂ ಆ ಎಡಗೋಡೆಯಲ್ಲೇ. ವಾರ್ಡ್‌ರೋಬ್ ಬಂದರೆ ಎರಡೂ ಅದರ ಹಿಂದೆ ಹೋಗುತ್ತವೆ. ಮಂಚದ ತಲೆಯ ಕಡೆ ಒಂದೂ ಇಲ್ಲ. ಹೊಸ ಪಾಯಿಂಟ್ ಹಾಕಿಸಲು ಗೋಡೆ ಕೊರೆಯಬೇಕು, ಆ ಕೆಲಸ ಮನೆಗೆ ಬರುವ ಮುಂಚೆ ಮುಗಿಸಿಕೊಳ್ಳಿ. ಎಕ್ಸ್‌ಟೆನ್ಶನ್ ಬೋರ್ಡ್ ಎಳೆದುಕೊಂಡು ವರ್ಷಗಟ್ಟಲೆ ಕಳೆಯುವುದು ಬೇಡ.

(ಬಾಲ್ಕನಿ. ಹೊರಗಿನ ಸದ್ದು ಹಾಗೇ ರೆಕಾರ್ಡ್ ಆಗಲಿ, ಸಂಗೀತ ಹಾಕಬೇಡಿ.)

ಬಾಲ್ಕನಿ ನಾಲ್ಕು ಅಡಿ ಅಗಲ. ಬಟ್ಟೆ ಒಣಗಿಸಲು, ಎರಡು ಕುರ್ಚಿ ಹಾಕಲು ಸಾಕು. ಕೆಳಗಿನ ರಸ್ತೆಯ ಸದ್ದು ಈಗ ಕೇಳುತ್ತಿರುವಷ್ಟೇ, ಸಂಜೆ ಇದಕ್ಕಿಂತ ಜಾಸ್ತಿ ಇರುತ್ತದೆ.

ಈ ಮನೆ ಒಬ್ಬರಿಗೆ ಅಥವಾ ಇಬ್ಬರಿಗೆ ಚೆನ್ನಾಗಿ ಹೊಂದುತ್ತದೆ. ಮಗು ಇರುವವರು, ಮನೆಯಿಂದಲೇ ಇಬ್ಬರೂ ಕೆಲಸ ಮಾಡುವವರು ಆದರೆ ಇನ್ನೊಂದು ರೂಮಿರುವುದನ್ನು ನೋಡಿ ಅಂತಲೇ ನನ್ನ ಸಲಹೆ.

ನೋಡಲು ಬರುವವರು ಶನಿವಾರ ಬೆಳಗ್ಗೆ 10ರಿಂದ 12ರ ಒಳಗೆ, ಇಲ್ಲವೇ ಸಂಜೆ 6ರಿಂದ 7ರ ಒಳಗೆ ಬನ್ನಿ. ಎರಡು ಸಲವೂ ಬಂದರೆ ಇನ್ನೂ ಸಂತೋಷ, ಬೆಳಕು ಮತ್ತು ಸದ್ದು ಎರಡೂ ಗೊತ್ತಾಗುತ್ತವೆ. ಟೇಪ್, ಟಾರ್ಚ್, ನಿಮ್ಮ ಸಾಮಾನಿನ ಅಳತೆ ತನ್ನಿ. ಸಾಕೆಟ್‌ಗಳನ್ನು ಪರೀಕ್ಷಿಸಲು ಒಂದು ಫೋನ್ ಚಾರ್ಜರ್ ಇರಲಿ. ಬಕೆಟ್ ಮತ್ತು ಮಗ್ ನಾನು ಬಾತ್‌ರೂಮಿನಲ್ಲೇ ಇಟ್ಟಿರುತ್ತೇನೆ.