ಗಿಳಿ ಮುರದಾಂವ ಯಾರು?

ಎಲ್ಲಾರೂ ಒಂದ್ ಐದು ನಿಮಿಷ ಕೈ ತಡೀರಿ. ಮಿರ್ಚಿ ಆರಿಹೋಗ್ತಾವ ಅಂತ ಬಸಣ್ಣ ಆಗ್ಲೇ ನನ್ನ ಕಡೆ ಕಣ್ಣು ಬಿಡಾಕತ್ತಾನ. ಬಸಣ್ಣಾ, ನೀ ಒಂದು ತಿನ್ನು, ನಿನಗ ಮಾಫಿ. ಉಳಿದವ್ರು ಮಜ್ಜಿಗಿ ಲೋಟ ಕೈಯಾಗ ಹಿಡೀರಿ. ಈಗ ಕುಡೀಬ್ಯಾಡ್ರಿ, ಕೊನಿಗೆ ಅದರದು ಕೆಲಸ ಐತಿ.

ನಿನ್ನೆ ಕೊಪ್ಪಳದ ಗವಿಮಠದ ತೇರಿಗೆ ಉತ್ತತ್ತಿ ಎಸೆದು ಬಂದೀವಿ. ಅಷ್ಟು ಲಕ್ಷ ಮಂದ್ಯಾಗ ಹದಿನಾಲ್ಕು ಮಂದಿ ಹದಿನಾಲ್ಕು ದಿಕ್ಕಿಗೆ ಹೋದ್ವಿ, ಫೋನ್ ಹತ್ತಲಿಲ್ಲ. ಆದ್ರೂ ಒಂದು ತಾಸಿನ್ಯಾಗ ಎಲ್ಲಾರೂ ಒಂದೇ ಕಡೆ ಸಿಕ್ಕೀವಿ. ಎಲ್ಲಿ? ದಾಸೋಹದ ಪಂಕ್ತ್ಯಾಗ. ಯಾರೂ ಯಾರಿಗೂ ಹೇಳಿದ್ದಿಲ್ಲ. ಇದನ್ನ ರಕ್ತಸಂಬಂಧ ಅಂತಾರ.

ಹೊರಗಿನವ್ರು ನಮ್ಮನ್ನ ಕಸಿನ್ಸ್ ಅಂತಾರ. ಕಿನ್ನಾಳದ ಅಜ್ಜ-ಆಯಿ ಮನ್ಯಾಗ ಆ ಮಾತು ಇರಲಿಲ್ಲ. ದೊಡ್ಡಪ್ಪನ ಮಕ್ಕಳು, ಕಾಕಾನ ಮಕ್ಕಳು, ಅತ್ತಿ ಮಕ್ಕಳು ಅಂತ ಬ್ಯಾರೆ ಮಾಡಿ ಕರದ್ರ ಆಯಿಗೆ ಸಿಟ್ಟು ಬರ್ತಿತ್ತು. ಆಕಿಗೆ ನಾವು ಎರಡೇ ಜಾತಿ: ಉಂಡ ಹುಡುಗ್ರು, ಇನ್ನೂ ಉಣ್ಣದ ಹುಡುಗ್ರು.

ಬ್ಯಾಸಗಿ ರಾತ್ರಿ ಮಾಳಿಗಿ ಮ್ಯಾಲ ಸಾಲಾಗಿ ಮಲಗೋದು ನೆನಪೈತೇನು? ಒಂದು ಉದ್ದನ್ನ ಕೌದಿ. ಅದರಾಗ ನಮ್ಮವ್ವನ ಹಳೆ ಇಳಕಲ್ ಸೀರಿದೊಂದು ತುಂಡು, ಅತ್ತಿದೊಂದು, ಚಿಗವ್ವಂದು ಒಂದು ಹಳದಿ ಹೂವಿನ ತುಂಡು. ಸಣ್ಣಾಕಿ ಶರಣಿ ಕತ್ತಲದಾಗ ಕೈಯಾಡಿಸಿ ಆ ಹಳದಿ ತುಂಡು ಹುಡುಕಿ, ಅದರ ಮ್ಯಾಲೇ ಗಲ್ಲ ಇಟ್ಟು ಮಲಗ್ತಿದ್ಲು. ಅಲ್ಲಿ ಯಾರರೇ ಮಲಗಿದ್ರ ಎಬ್ಬಿಸಿ ಆ ಕಡೆ ಉರುಳಿಸ್ತಿದ್ಲು. ಈಗ ಬಳ್ಳಾರಿ ಆಸ್ಪತ್ರ್ಯಾಗ ನರ್ಸ್ ಆಗ್ಯಾಳ. ಪೇಶಂಟ್‌ಗಳನ್ನ ಮಗ್ಗಲು ತಿರುಗಿಸೋದು ಆಕಿ ಎಲ್ಲಿ ಕಲ್ತಾಳ ಅಂತ ನಮಗಷ್ಟೇ ಗೊತ್ತು.

ಅಜ್ಜ ಮುನಿರಾಬಾದ್ ಡ್ಯಾಮಿಗೆ ಕರ್ಕೊಂಡು ಹೋಗಿ ಗೇಟ್ ಎಣಿಸಾಕ ಹಚ್ಚಿದ್ದ. ಸರಿ ಹೇಳಿದವ್ರಿಗೆ ಕಬ್ಬಿನ ಹಾಲು. ಒಬ್ಬ 31 ಅಂದ, ಒಬ್ಬಾಕಿ 36 ಅಂದ್ಲು, ಬಸಣ್ಣ ಎಣಿಸದೇ ನೇರ ಕಬ್ಬಿನ ಹಾಲಿನ ಗಾಡಿ ಹತ್ರ ಹೋಗಿ ನಿಂತಿದ್ದ. 33 ಅಂತ ಅಜ್ಜನೇ ಹೇಳಿ, ತಾನೇ ಗೆದ್ದು, ಎಲ್ಲಾರಿಗೂ ಕುಡಿಸಿದ. 2024ರ ಆಗಸ್ಟ್‌ನ್ಯಾಗ ಆ ಡ್ಯಾಮಿನ 19ನೇ ಗೇಟಿನ ಚೈನ್ ಹರಿದು ಗೇಟ್ ಕೊಚ್ಚಿಕೊಂಡು ಹೋತಲ್ಲ, ಆವತ್ತು ರಾತ್ರಿ ಗ್ರೂಪಿನ್ಯಾಗ ಒಬ್ರೂ ಮಲಗಲಿಲ್ಲ. ಬಸಣ್ಣಂದು ಗಂಗಾವತಿ ಕಡೆ ಭತ್ತದ ಗದ್ದಿ, ನೀರು ಹೋದ್ರ ಬೆಳಿ ಹೋತು. ಪುಣೆಯಿಂದ, ಬೆಂಗಳೂರಿಂದ, ಮಸ್ಕತ್‌ನಿಂದ ಹದಿಮೂರು ಫೋನು ಅವಂಗ. ಹದಿಮೂರೂ ಮಂದಿ ಕೇಳಿದ್ದು ಒಂದೇ, "ಊಟ ಮಾಡೀಯೇನೋ ಬಸಣ್ಣಾ?" ತಾತ್ಕಾಲಿಕ ಗೇಟ್ ಕೂರಿಸೋ ತನಕ ದಿನಾ ಅದೇ ಫೋನು, ಅದೇ ಪ್ರಶ್ನಿ. ಆ ವಾರ ದಿನಾ ಹದಿಮೂರು ಸಲ ಹೂಂ ಅಂದು ಅಂದು ನಾಕು ಕೇಜಿ ಹೆಚ್ಚಾಗ್ಯಾನ ಅಂತ ಅವನ ಹೆಂಡ್ತಿ ಹೇಳ್ಯಾಳ.

ವೈನಿಯವ್ರು, ಅಳಿಯಂದ್ರು, ನಿಮ್ಮನ್ನ ಮರ್ತಿಲ್ಲ. ಮೈಸೂರು ವೈನಿ ಲಗ್ನ ಆಗಿ ಬಂದ ಮೊದಲನೇ ದಿನ ಮಂಡಕ್ಕಿ ಒಗ್ಗರಣಿ, ಮಿರ್ಚಿ ಕೊಟ್ವಿ. ಮುಗಿಸಿ, ಕೈ ತೊಳಕೊಂಡು, "ಚೆನ್ನಾಗಿತ್ತು, ತಿಂಡಿ ಯಾವಾಗ?" ಅಂತ ಕೇಳಿದ್ರು. ಇವತ್ತು ಈ ಪಂಕ್ತಿಗೆ ಬಡಿಸಿರೋ ರೊಟ್ಟಿ ಅವರ ಕೈಯವು. ಎತ್ತಿ ಹಿಡದ್ರ ಆ ಕಡೆ ಚಂದ್ರ ಕಾಣ್ತಾನ, ಅಷ್ಟು ತೆಳು. ವೈನೀ, ನೀವು ನಮ್ಮವ್ರಾಗಿ ಭಾಳ ವರ್ಷ ಆತು.

ಈಗ ಖರೇ ವಿಷಯಕ್ಕ ಬರ್ತೀನಿ. ಶೇಂಗಾ ಹಿಂಡಿ ಡಬ್ಬಿ ಮಗ್ಗಲಕ ಬಟ್ಟಿ ಮುಚ್ಚಿ ಇಟ್ಟೀನಲ್ಲ, ಇದನ್ನ ನೋಡ್ರಿ.

ಹೌದು. ಅದೇ ಗಿಳಿ!

1994ರ ಬ್ಯಾಸಗಿ. ಚಿತ್ರಗಾರರ ಓಣಿಯಿಂದ ಅಜ್ಜ ತಂದಿದ್ದ ಕಟ್ಟಿಗಿ ಗಿಳಿ, ಮುಟ್ಟಬ್ಯಾಡ್ರಿ ಅಂತ ಮಾಡದಾಗ ಇಟ್ಟಿದ್ದ. ಒಂದು ಮಧ್ಯಾಹ್ನ ಅದರ ಕೊಕ್ಕು ಮುರೀತು. ಹತ್ತು ಹುಡುಗ್ರು ಸಭೆ ಮಾಡಿ, ಗಿಳಿನೂ ಕೊಕ್ಕನ್ನೂ ಜೋಳದ ವಾಡೇದಾಗ ಹುಗಿದ್ವಿ. ನಾಕನೇ ದಿನ ಆಯಿ ಮೊರದಾಗ ಜೋಳ ಹಸನು ಮಾಡೋವಾಗ ಕಲ್ಲಿನ ಜೋಡಿ ಕೆಂಪಂದು ಒಂದು ಕೊಕ್ಕು ಬಂತು. ಆಕಿ ಕಣ್ಣು ಚುರುಕು, ಪುಣ್ಯಾ ಬಂತು. ಇಲ್ಲಂದ್ರ ಅದು ಗಿರಣಿಗೆ ಹೋಗಿ, ಊರಾಗ ಗಿಳಿ ರೊಟ್ಟಿ ತಿಂದವ್ರು ನಾವೇ ಮೊದಲಿನವ್ರು ಆಗ್ತಿದ್ವಿ.

ಕಟ್ಟಿ ಮ್ಯಾಲ ಸಾಲಾಗಿ ಕೂರಿಸಿ ಕೇಳಿದ್ಲು, "ಯಾರು?" ಯಾರೂ ಉಸಿರು ಬಿಡಲಿಲ್ಲ. ಆಗ ಶಿವಕ್ಕ ಎದ್ದು ನಿಂತ್ಲು. ಹದಿನಾರು ವರ್ಷದಾಕಿ. ಗಿಳಿ ಮುರದಾಗ ಆಕಿ ಮನ್ಯಾಗೇ ಇರಲಿಲ್ಲ, ಭಾವಿಗೆ ಹೋಗಿದ್ಲು. "ನಾ ಮುರದೆ ಆಯಿ, ನೆಲ ಒರಸೋವಾಗ" ಅಂದ್ಲು.

ಶಿಕ್ಷೆ: ಒಂದು ವಾರ ಶಿವಕ್ಕಗ ಸೀಕರಣಿ ಇಲ್ಲ. ಮಾವಿನಹಣ್ಣಿನ ಕಾಲದಾಗ! ನಾವೇನು ಮಾಡಿದ್ವಿ? ಒಬ್ಬೊಬ್ರೂ ಬಟ್ಟಲದಾಗ ಎರಡೆರಡು ತುತ್ತು ಉಳಿಸಿ, ಆಯಿ ಕಣ್ಣು ತಪ್ಪಿಸಿ, ಮಾಳಿಗಿ ಮ್ಯಾಲ ಒಯ್ದು ಕೊಟ್ವಿ. ಒಂಬತ್ತು ಬಟ್ಟಲ. ಆ ವಾರ ಆ ಮನ್ಯಾಗ ಎಲ್ಲಾರಿಗಿಂತ ಹೆಚ್ಚು ಸೀಕರಣಿ ತಿಂದಾಕಿ ಶಿವಕ್ಕ. ಮೂರನೇ ದಿನ, "ಸಾಕ್ರೋ, ಹೊಟ್ಟಿ ನೋಯ್ತೈತಿ" ಅಂತ ಕೈ ಮುಗದ್ಲು. ಮುಂದ ಎಷ್ಟೋ ವರ್ಷಕ್ಕ ಆಯಿ ನಂಗ ಒಂದು ಮಾತು ಹೇಳಿದ್ಲು: ಆ ವಾರ ಪ್ರತಿ ಬಟ್ಟಲಕ್ಕ ಆಕಿ ಒಂದು ಸೌಟು ಹೆಚ್ಚಿಗಿ ಹಾಕ್ತಿದ್ಲಂತ.

ಈ ಕೊಕ್ಕು ನೋಡ್ರಿ, ಎಡಕ್ಕ ಸೊಟ್ಟ ಐತಿ. ಚಿತ್ರಗಾರರು ಮಾಡೋದನ್ನ ನೋಡಿ ನೋಡಿ, ಆಯಿ ತಾನೇ ಹುಣಸಿ ಬೀಜ ಅರದು ಅಂಟು ಮಾಡಿ ಹಚ್ಯಾಳ. ಬಣ್ಣ ಇರಲಿಲ್ಲ, ಜೋಡಿಸಿದ ಕಡೆ ಕುಂಕುಮ ತೀಡ್ಯಾಳ. 32 ವರ್ಷಾದ್ರೂ ಬಿಟ್ಟಿಲ್ಲ.

ಅಕ್ಕಾ, ನೀ ಆವತ್ತು ಎದ್ದು ನಿಂತಾಕಿ, ಇವತ್ತಿಗೂ ಕುಂತಿಲ್ಲ. ಅಪ್ಪ ದವಾಖಾನ್ಯಾಗ ಇದ್ದಾಗ ಮೂರು ವಾರ ಬುತ್ತಿ ಕಟ್ಟಿಕೊಂಡು ಬಸ್ಸಿಗೆ ಬಂದಾಕಿ ನೀನು. ಅಮಾಸಿಗೊಮ್ಮೆ ಹದಿಮೂರು ಮಂದಿಗೂ ಫೋನ್ ಮಾಡಿ, "ಏನಿಲ್ಲ, ಸುಮ್ನ ಮಾಡಿದೆ" ಅನ್ನಾಕಿ ನೀನು. ಇವತ್ತಿನ ಈ ಪಂಕ್ತಿ ಆ ಸುಮ್ನ ಮಾಡಿದ ಫೋನಿನಿಂದ ಕೂಡೈತಿ. ಒಂದು ನಿಮಿಷ ಕುಂದರು ಅಕ್ಕಾ. ಸೌಟು ಕೆಳಗಿಡು. ಇವತ್ತು ನಾವು ಬಡಿಸ್ತೀವಿ.

ಇನ್ನೊಂದು ಕೆಲಸ ಬಾಕಿ ಐತಿ. ಅಲ್ಲಿ ಮೂಲ್ಯಾಗ ತಲಿ ತಗ್ಗಿಸಿ ಬದನಿಕಾಯಿ ಎಣಗಾಯಿ ಕಲಸಾಕತ್ತಾನಲ್ಲ, ಮಂಜ್ಯಾ, ಎದ್ದು ನಿಂದ್ರು. ನಿನ್ನೆ ತೇರಿನ ಮುಂದ ನಂಗ ಏನು ಹೇಳಿದಿ ಅದನ್ನ ಅಕ್ಕನ ಮುಂದ ಹೇಳು.

ಕೇಳಿದ್ರೇನು? "ನಾನೇ ಅಕ್ಕಾ" ಅಂದ!

ಲೋಟ ಎತ್ತರಿ ಎಲ್ಲಾರೂ. ಶಿವಕ್ಕಗ! ಮಂಜ್ಯಾ, ನೀ ಕುಡೀಬ್ಯಾಡ. ನಿನಗ ಒಂದು ವಾರ ಸೀಕರಣಿ ಇಲ್ಲ. ಅಕ್ಕಾ, ಅವನ ಕಡೆ ನಿನ್ನ ಬಟ್ಟಲ ಸರಸಬ್ಯಾಡ, ನಾ ನೋಡಾಕತ್ತೀನಿ.