ಶನಿವಾರದ ಆಟ: ಎಷ್ಟು ಗಂಟೆಗೆ, ಗಾಡಿ ಎಲ್ಲಿ, ಒಳಗೆ ಹೇಗೆ

ಜನವರಿ 24, ಶನಿವಾರ. ಸಂಜೆ 5.30ಕ್ಕೆ ಸರಿಯಾಗಿ. ವಿಜಯನಗರದಲ್ಲಿ ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದ ಹತ್ತಿರದ ಶಾಲೆ ಮೈದಾನದಲ್ಲಿ ಬಡಗುತಿಟ್ಟಿನ ಯಕ್ಷಗಾನ. ಪ್ರಸಂಗ: ಅಭಿಮನ್ಯು ಕಾಳಗ. ಪ್ರವೇಶ ಉಚಿತ. ಮನೆಮಂದಿಯೆಲ್ಲ ಬನ್ನಿ.

ಸುಮಾ: ಸರ್, 5.30 ಅಂದ್ರೆ 5.30ಕ್ಕೇ ಶುರುನಾ, ಇಲ್ಲ ಭಾಷಣ ಎಲ್ಲ ಮುಗಿದು 7 ಆಗುತ್ತಾ?

5.30ಕ್ಕೇ ಶುರು ಸುಮಾ ಅವರೇ. ಭಾಷಣ ಇಲ್ಲ, ಹಾರ ತುರಾಯಿ ಇಲ್ಲ, ದೀಪ ಹಚ್ಚೋಕೆ ಯಾರನ್ನೂ ಕರೆದಿಲ್ಲ. 5.15ಕ್ಕೆ ಚೌಕಿ ಪೂಜೆ. 5.30ಕ್ಕೆ ಪೂರ್ವರಂಗ, ಬಾಲಗೋಪಾಲರು ಬರುತ್ತಾರೆ. 6 ಗಂಟೆಗೆ ಪ್ರಸಂಗ. 9.45ಕ್ಕೆ ಮಂಗಳ. ಮಧ್ಯೆ ಇಂಟರ್‌ವಲ್ ಇಲ್ಲ. ಗೇಟು 4.30ಕ್ಕೇ ತೆಗೆಯುತ್ತೇವೆ.

ಗಣೇಶ: ಗ್ರೂಪಲ್ಲಿ ಬಂದ ಪೋಸ್ಟರಲ್ಲಿ ರಾತ್ರಿ 9.30 ಅಂತ ಇದೆಯಲ್ಲ ಮಾರಾಯ್ರೆ. ಯಾವುದು ಸರಿ?

ಅಯ್ಯೋ, ಆ ಪೋಸ್ಟರ್ ಮೂರು ವರ್ಷದ ಹಿಂದಿನದು! ಅದು ಸಭಾಂಗಣದ ಒಳಗೆ ಮಾಡಿದ ಇಡೀ ರಾತ್ರಿ ಆಟ. ತಾರೀಕು ಚಿಕ್ಕದಾಗಿ ಇದೆ ನೋಡಿ, ಕೆಳಗೆ ಮೂಲೆಯಲ್ಲಿ. ಅದನ್ನು ನಂಬಿ 9.30ಕ್ಕೆ ಬಂದರೆ ನಿಮಗೆ ಸಿಗುವುದು ಮಂಗಳ ಪದ್ಯ ಮತ್ತು ಕುರ್ಚಿ ಎತ್ತುವ ಕೆಲಸ. ಅದನ್ನು ಯಾರು ಕಳಿಸಿದರೋ ಅವರಿಗೂ ಸ್ವಲ್ಪ ಹೇಳಿಬಿಡಿ, ಇವತ್ತು ಬೆಳಿಗ್ಗೆಯಿಂದ ನನಗೆ ಅದೇ ವಿಷಯಕ್ಕೆ ಒಂಬತ್ತು ಫೋನ್ ಬಂದಿದೆ.

ರಾಘವೇಂದ್ರ: ಯಕ್ಷಗಾನ ಅಂದ್ರೆ ರಾತ್ರಿ ಪೂರ್ತಿ ಇರಬೇಕು ಸ್ವಾಮಿ. ನಾಲ್ಕು ಗಂಟೆಯಲ್ಲಿ ಏನು ನೋಡೋದು? ಬೆಂಗಳೂರಿಗೆ ಬಂದು ಎಲ್ಲ ಕಟ್ ಮಾಡಿಬಿಟ್ಟಿರಿ.

ರಾಯರೇ, ನಿಮ್ಮ ಬೇಜಾರು ನನ್ನದೂ ಹೌದು. ಬೆಳಗಿನ ಜಾವ ಚಳಿಯಲ್ಲಿ ಕಂಬಳಿ ಹೊದ್ದು, ಅರ್ಧ ನಿದ್ದೆ ಅರ್ಧ ಎಚ್ಚರದಲ್ಲಿದ್ದಾಗ ಚೆಂಡೆ ಬಡಿದು ಬಣ್ಣದ ವೇಷ ಬರುವುದನ್ನು ನೋಡಿ ಬೆಳೆದವನೇ ನಾನು. ಆದರೆ ಇದು ಬಯಲು. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಹಾಕುವ ಹಾಗಿಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಅದು, ನಮ್ಮ ವಾರ್ಡಿನವರು ಮಾಡಿದ್ದಲ್ಲ. ಬಾಗಿಲು ಮುಚ್ಚಿದ ಸಭಾಂಗಣದ ಒಳಗಾದರೆ ಅವಕಾಶ ಇದೆ, ಅದಕ್ಕೇ ಅವತ್ತು ಇಡೀ ರಾತ್ರಿ ಮಾಡಿದ್ದು. ಈ ಸಲ ಸಭಾಂಗಣದ ಬಾಡಿಗೆ ಕೇಳಿ ಸುಮ್ನೆ ವಾಪಸ್ ಬಂದೆವು. ಮೈಕ್ ಇಲ್ಲದೆ ಆಡಿಸಬಹುದಲ್ಲ ಅಂತ ನೀವು ಕೇಳಬಹುದು. ಮುಂದಿನ ನೂರು ಜನಕ್ಕೆ ಪದ್ಯ ಕೇಳುತ್ತದೆ, ಹಿಂದಿನವರಿಗೆ ಚೆಂಡೆ ಮಾತ್ರ. ಅಕ್ಕಪಕ್ಕದ ಮನೆಯವರಿಗೂ ಚೆಂಡೆ ಮಾತ್ರ, ಅದೂ ರಾತ್ರಿ ಎರಡು ಗಂಟೆಗೆ. ಮುಂದಿನ ವರ್ಷ ಈ ಮೈದಾನ ಬೇಕಲ್ವಾ ನಮಗೆ?

ಒಂದು ಸಮಾಧಾನ ಹೇಳುತ್ತೇನೆ. ಕಾಲಮಿತಿ ಅಂತ ಪೂರ್ವರಂಗ ಪೂರ್ತಿ ಹಾರಿಸಿಬಿಡುವವರು ಇದ್ದಾರೆ, ನಾವು ಅರ್ಧ ಗಂಟೆಯಾದರೂ ಇಟ್ಟಿದ್ದೇವೆ. ಕತ್ತರಿ ಹಾಕಿರುವುದು ಹಾಸ್ಯಕ್ಕೆ. ಅದಕ್ಕೆ ಭಾಗವತರೇ ಒಪ್ಪಿದ್ದಾರೆ, ನನ್ನನ್ನು ಬೈಯಬೇಡಿ.

ಪ್ರಶಾಂತ್: ಕಾರ್ ಪಾರ್ಕಿಂಗ್ ಇದೆಯಾ?

ಇಲ್ಲ.

ಪ್ರಶಾಂತ್: ಅಂದ್ರೆ ಏನೂ ಇಲ್ವಾ? ವೈಟ್‌ಫೀಲ್ಡ್‌ನಿಂದ ಬರ್ತಾ ಇದೀವಿ, ಐದು ಜನ.

ಒಂದೇ ಮಾತಲ್ಲಿ ಇಲ್ಲ ಅಂದಿದ್ದಕ್ಕೆ ಕ್ಷಮಿಸಿ ಪ್ರಶಾಂತ್, ಈ ಪ್ರಶ್ನೆಗೆ ಇವತ್ತು ಇಪ್ಪತ್ತನೇ ಸಲ ಉತ್ತರ ಬರೆಯುತ್ತಿದ್ದೇನೆ. ವಿವರ ಇಲ್ಲಿದೆ, ಬೇರೆಯವರೂ ಓದಿಕೊಳ್ಳಿ.

ಶಾಲೆಯ ಪಕ್ಕದ ಅಂಗಳದಲ್ಲಿ ಬೈಕು, ಸ್ಕೂಟರ್ ನಿಲ್ಲಿಸಬಹುದು, ಸುಮಾರು 150 ಗಾಡಿ ಹಿಡಿಯುತ್ತದೆ. ಕಾರಿಗೆ ಒಳಗೆ ಜಾಗ ಇಲ್ಲವೇ ಇಲ್ಲ. ಪ್ರತಿ ವರ್ಷ ಹಿಂದಿನ ರಸ್ತೆಯ ಕಲ್ಯಾಣ ಮಂಟಪದವರು ಅವರ ನೆಲಮಾಳಿಗೆ ಕೊಡುತ್ತಿದ್ದರು. ಈ ಸಲ ಮಾಘ ಮಾಸ, ಅವತ್ತು ಅಲ್ಲಿ ಆರತಕ್ಷತೆ ಇದೆ. ಅಂದರೆ ನಮ್ಮ ಕಾರಿಗೆ ಜಾಗ ಇಲ್ಲದ್ದು ಮಾತ್ರ ಅಲ್ಲ, ಅವರ ನೆಂಟರ ಕಾರುಗಳೂ ಅದೇ ರಸ್ತೆಯಲ್ಲಿ ಇರುತ್ತವೆ.

ನೀವು ವೈಟ್‌ಫೀಲ್ಡ್ ಅಂದಿರಿ. ನಿಮ್ಮ ಅದೃಷ್ಟ, ನೇರಳೆ ಲೈನ್ ನಿಮ್ಮ ಮನೆ ಹತ್ತಿರದಿಂದ ನಮ್ಮ ಮೈದಾನದ ಹತ್ತಿರಕ್ಕೆ ನೇರ ಬರುತ್ತದೆ, ಎಲ್ಲೂ ಬದಲಿಸಬೇಕಿಲ್ಲ. ಚಲ್ಲಘಟ್ಟ ಕಡೆಯ ರೈಲು ಹತ್ತಿ ಅತ್ತಿಗುಪ್ಪೆಯಲ್ಲಿ ಇಳಿಯಿರಿ. ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ. ಶನಿವಾರ ಸಂಜೆ ಕಾರಲ್ಲಿ ಹೊರಟರೆ ಎಷ್ಟಾಗುತ್ತದೆ ಅಂತ ನಿಮಗೇ ಗೊತ್ತು.

ಭಾರತಿ: ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಮೆಟ್ರೋದಲ್ಲಿ ಹೇಗೆ ಬರೋದು? ವಾಪಸ್ ಹೋಗುವಾಗ ರೈಲು ಇರುತ್ತಾ?

ಹಳದಿ ಲೈನಲ್ಲಿ ಆರ್.ವಿ. ರೋಡ್‌ಗೆ ಬನ್ನಿ, ಅಲ್ಲಿಂದ ಹಸಿರು ಲೈನಲ್ಲಿ ಮೆಜೆಸ್ಟಿಕ್, ಮೆಜೆಸ್ಟಿಕ್‌ನಿಂದ ನೇರಳೆಯಲ್ಲಿ ಐದನೇ ನಿಲ್ದಾಣ ಅತ್ತಿಗುಪ್ಪೆ. ವಾಪಸ್ ಹೋಗುವಾಗ ಎರಡು ಕಡೆ ಬದಲಿಸಬೇಕು, ಹಾಗಾಗಿ ನಿಮ್ಮಂಥವರು ಮಂಗಳ ಆದ ಕೂಡಲೇ ಹೊರಡಿ. ಕೊನೇ ರೈಲು ಎಷ್ಟಕ್ಕೆ ಅಂತ ಬರುವಾಗಲೇ ಆರ್.ವಿ. ರೋಡ್ ಕೌಂಟರಲ್ಲಿ ಕೇಳಿಕೊಂಡು ಬನ್ನಿ. ನಾವು 9.45ಕ್ಕೆ ಮುಗಿಸುವುದಕ್ಕೆ ಮೈಕ್ ಒಂದು ಕಾರಣ, ನಿಮ್ಮ ರೈಲು ಇನ್ನೊಂದು.

ಕಿರಣ್: ರೋಡ್ ಸೈಡಲ್ಲಿ ಹಾಕ್ಕೋತೀವಿ ಬಿಡಿ, ಒಂದು ನಾಲ್ಕು ಗಂಟೆ ತಾನೆ.

ಕಿರಣ್, ಹೋದ ವರ್ಷದ ಕಥೆ ಹೇಳುತ್ತೇನೆ, ಆಮೇಲೆ ನಿಮ್ಮಿಷ್ಟ.

ಶಾಲೆ ಎದುರಿನ ರಸ್ತೆ ಎರಡು ಕಾರು ಎದುರುಬದುರು ಬಂದರೆ ಒಂದು ಹಿಂದೆ ಹೋಗಬೇಕು, ಅಷ್ಟೇ ಅಗಲ. ಅಲ್ಲಿ ಹಸಿರು ಗೇಟಿನ ಮನೆ ಒಂದಿದೆ. ಹೋದ ವರ್ಷ ಯಾರೋ ಒಬ್ಬರು ಬಿಳಿ ಕಾರನ್ನು ಸರಿಯಾಗಿ ಆ ಗೇಟಿಗೆ ಅಡ್ಡ ನಿಲ್ಲಿಸಿ ಆಟ ನೋಡೋಕೆ ಬಂದು ಕೂತರು. ಆ ಮನೆಯವರಿಗೆ ರಾತ್ರಿ ರೈಲು ಹಿಡಿಯಬೇಕಿತ್ತು. 8 ಗಂಟೆಗೆ ಬಂದರು ಪಾಪ, ಜಗಳಕ್ಕಲ್ಲ, ಕೈ ಮುಗಿದುಕೊಂಡು. ರಂಗಸ್ಥಳದಲ್ಲಿ ಕೌರವನ ಒಡ್ಡೋಲಗ ನಡೆಯುತ್ತಿದೆ. ಮೈಕಲ್ಲಿ ಗಾಡಿ ನಂಬರ್ ಕೂಗಿದೆವು. ಯಾರೂ ಏಳಲಿಲ್ಲ. ಮತ್ತೆ ಕೂಗಿದೆವು. ಮೂರನೇ ಸಲ ಕೂಗುವಾಗ ಭಾಗವತರು ತಾಳ ನಿಲ್ಲಿಸಿಬಿಟ್ಟರು, ಮದ್ದಳೆಯೂ ನಿಂತಿತು, ಮೈದಾನವೆಲ್ಲ ಮೌನ. ಆಗ ಕೌರವನ ವೇಷದವರು ಕೂತಲ್ಲಿಂದಲೇ ಮೀಸೆ ತಿರುವಿ, "ಎಲವೋ ಸಾರಥಿ, ನಮ್ಮ ಸಭೆಗೆ ಬಂದವರಲ್ಲಿ ಪರರ ಹೆಬ್ಬಾಗಿಲಿಗೆ ಅಡ್ಡವಾಗಿ ರಥ ನಿಲ್ಲಿಸಿದ ವೀರನಾರು?" ಅಂತ ಕೇಳಿದರು. ಮೈದಾನ ಪೂರ್ತಿ ನಕ್ಕಿತು. ಎರಡನೇ ಸಾಲಿನಲ್ಲಿ ಕೂತಿದ್ದ ಒಬ್ಬರು ತಲೆ ತಗ್ಗಿಸಿಕೊಂಡು ಎದ್ದರು.

ನಕ್ಕಿದ್ದು ಸರಿ, ಆದರೆ ಮರುದಿನ ಆ ಮನೆಗೆ ಹೋಗಿ ಕ್ಷಮೆ ಕೇಳಿದವರು ನಾವು. ಈ ಸಲ ಅವರ ಗೇಟಿನ ಮುಂದೆ ಹಗ್ಗ ಕಟ್ಟಿ ಇಬ್ಬರು ಹುಡುಗರನ್ನು ನಿಲ್ಲಿಸುತ್ತೇವೆ. ಆಟೋದಲ್ಲಿ ಬನ್ನಿ ಕಿರಣ್.

ಲಲಿತಾ: ನಮ್ಮ ಅತ್ತೆಗೆ 81. ಮಂಡಿ ನೋವು, ಜಾಸ್ತಿ ನಡೆಯೋಕಾಗಲ್ಲ. ಮೆಟ್ರೋ ಎಲ್ಲ ಕಷ್ಟ.

ಅವರನ್ನು ಖಂಡಿತ ಕರೆದುಕೊಂಡು ಬನ್ನಿ ಲಲಿತಕ್ಕ. ಕಾರು ದೊಡ್ಡ ಗೇಟಿನವರೆಗೆ ಬರಲಿ, 5.15ರ ಒಳಗೆ. ಗೇಟಿನಲ್ಲಿ ಹಳದಿ ಶಾಲು ಹಾಕಿದ ಹುಡುಗರು ಇರುತ್ತಾರೆ, ಗಾಲಿಕುರ್ಚಿ ಎರಡು ಇದೆ. ಅತ್ತೆಯವರನ್ನು ಇಳಿಸಿ ಕಾರು ಮಾತ್ರ ಮುಂದೆ ಹೋಗಬೇಕು, ಅದೊಂದು ಕೇಳಿಕೊಳ್ಳುತ್ತೇನೆ. ಬಲಗಡೆ ಮೊದಲ ಎರಡು ಸಾಲು ಹಿರಿಯರಿಗೆ. ಅಲ್ಲಿಂದ ಶೌಚಾಲಯವೂ ಹತ್ತಿರ, ಮೆಟ್ಟಿಲಿಲ್ಲ. ಜನವರಿ ಅಲ್ವಾ, 8 ಗಂಟೆ ಮೇಲೆ ಚಳಿ ಇಳಿಯುತ್ತದೆ, ಸ್ವೆಟರ್ ಜತೆಗೆ ಕಿವಿಗೆ ಏನಾದರೂ ಇರಲಿ.

ಮಂಜುನಾಥ: ಫ್ರೀ ಅಂತೀರ, ಆಮೇಲೆ ಮುಂದಿನ ಸಾಲೆಲ್ಲ ಡೋನರ್‌ಗಳಿಗೆ ಅಂತ ಹಗ್ಗ ಕಟ್ಟಿರ್ತೀರ. ನೋಡಿದೀವಿ.

ಕಟ್ಟಿದ್ದೆವು, ಎರಡು ವರ್ಷದ ಹಿಂದೆ. ದುಡ್ಡು ಕೊಟ್ಟವರು ಅರ್ಧ ಜನ ಬರಲೇ ಇಲ್ಲ, ಖಾಲಿ ಸೋಫಾ ಮುಂದೆ ಕಲಾವಿದರು ಕುಣಿದರು. ನಮಗೇ ನಾಚಿಕೆ ಆಯಿತು. ಈಗ ಹಿರಿಯರ ಎರಡು ಸಾಲು ಬಿಟ್ಟರೆ ಬೇರೆ ಯಾವ ಸಾಲೂ ಮೀಸಲಿಲ್ಲ. ಕುರ್ಚಿ 400. ರಂಗಸ್ಥಳದ ಎದುರು ಚಾಪೆ ಹಾಸಿರುತ್ತೇವೆ, ಮಕ್ಕಳಿಗೆ, ಮತ್ತು ನನ್ನ ಕೇಳಿದರೆ ನೋಡೋಕೆ ಅದೇ ಒಳ್ಳೆಯ ಜಾಗ. ಕರ್ಚೀಫ್ ಹಾಕಿ ಸೀಟು ಹಿಡಿಯುವುದು ನಡೆಯಲ್ಲ. ಚೀಟಿ, ಪಾಸ್, ನೋಂದಣಿ ಏನೂ ಇಲ್ಲ. ಗೇಟಿನ ಪಕ್ಕ ಕಾಣಿಕೆ ಡಬ್ಬಿ ಇರುತ್ತದೆ, ಅದು ಮೇಳದವರಿಗೆ, ಹಾಕಲೇಬೇಕು ಅಂತಿಲ್ಲ.

ಸಿಂಧು: ಮಗಳಿಗೆ 6 ವರ್ಷ, ಮೇಕಪ್ ಮಾಡೋದು ನೋಡಬೇಕಂತೆ. ಒಳಗೆ ಬಿಡ್ತೀರಾ?

ಬಿಡುತ್ತೇವೆ! 4.30ರಿಂದ 5ರವರೆಗೆ, ಹತ್ತು ಹತ್ತು ಮಕ್ಕಳಂತೆ. ಚಪ್ಪಲಿ ಹೊರಗೆ ಬಿಟ್ಟು ಬರಬೇಕು, ಚೌಕಿಯಲ್ಲಿ ದೇವರಿರುತ್ತದೆ. ಗೆಜ್ಜೆ, ಕಿರೀಟ ಮುಟ್ಟಬಾರದು, ಫೋಟೋ ಸರಿ ಆದರೆ ಫ್ಲ್ಯಾಶ್ ಬೇಡ. ಬಡಗಿನಲ್ಲಿ ಅಭಿಮನ್ಯುವಿಗೆ ಕೇದಗೆ ಮುಂದಲೆ, ಅದನ್ನು ತಲೆಯ ಮೇಲೇ ಸುತ್ತಿ ಕಟ್ಟುತ್ತಾರೆ, ರೆಡಿಮೇಡ್ ಟೋಪಿ ಥರ ಎತ್ತಿ ಇಡುವುದಲ್ಲ. ಕಟ್ಟುವಾಗ ಕಲಾವಿದರು ಕನ್ನಡಿ ಎದುರು ಅಲ್ಲಾಡದೆ ಕೂತಿರುತ್ತಾರೆ. ಮಗಳಿಗೆ ಅದನ್ನು ತೋರಿಸಿ. 5ರ ಮೇಲೆ ಯಾರಿಗೂ ಇಲ್ಲ, ನಮ್ಮ ಮನೆ ಮಕ್ಕಳಿಗೂ ಇಲ್ಲ.

ಅನಿಲ್: ಆಫೀಸ್ ಬಿಡೋದು 6ಕ್ಕೆ. ಲೇಟಾದ್ರೆ ಒಳಗೆ ಬಿಡಲ್ವಾ?

ಬನ್ನಿ ಬನ್ನಿ, ಬಾಗಿಲು ಹಾಕಿಕೊಳ್ಳೋಕೆ ಇದು ಸಿನಿಮಾ ಅಲ್ಲ. 6ರ ಮೇಲೆ ಚಿಕ್ಕ ಗೇಟಿನಿಂದ ಬನ್ನಿ, ಪದ್ಯ ನಡೆಯುತ್ತಿದ್ದರೆ ಮುಗಿಯುವವರೆಗೆ ಪಕ್ಕದಲ್ಲಿ ನಿಂತು ಆಮೇಲೆ ಕೂರಿ. ಚಕ್ರವ್ಯೂಹ 8ರ ಮೇಲೆ. ಅಭಿಮನ್ಯುವಿನ ಹಾಗೆ ಒಳಗೆ ಬರುವ ದಾರಿ ಮಾತ್ರ ಗೊತ್ತು ಅಂತ ಆಗಬಾರದು, ಹೊರಗೆ ಹೋಗುವುದು ದೊಡ್ಡ ಗೇಟಿನಿಂದ.

ಗಣೇಶ: ಗೋಳಿಬಜೆ ಉಂಟಾ?

ಉಂಟು. ಚುರುಮುರಿ, ಕಷಾಯವೂ ಉಂಟು. ಊಟ ಇಲ್ಲ.

ಪ್ರಶಾಂತ್: ಮೆಟ್ರೋದಲ್ಲೇ ಬರ್ತೀವಿ ಸರ್. ಐದಲ್ಲ, ಏಳು ಜನ ಆದ್ವಿ.

ಸಂತೋಷ. ಏಳು ಕುರ್ಚಿ ಒಟ್ಟಿಗೆ ಬೇಕಾದರೆ 5ಕ್ಕೆ ಮೊದಲು ಬನ್ನಿ.